‘ದ್ವಿರುಕ್ತಿ’ಯನ್ನು ಹಿಂದಿರುಗಿಸಿದ ಪತ್ರ

ಕನ್ನಡ ವ್ಯಾಕರಣದಲ್ಲಿ ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸುವ ಕ್ರಮ ಹಳೆಯದು. ಹದಿಮೂರನೆಯ ಶತಮಾನದ ಕೇಶಿರಾಜನಿಂದ ಹಿಡಿದು ಇಂದಿನ ಶಾಲಾ ವ್ಯಾಕರಣದವರೆಗೆ ಅದು ನಡೆದು ಬಂದಿದೆ. ಅನ್ವರ್ಥನಾಮಕ್ಕೆ ಶಾಲಾಪುಸ್ತಕಗಳು ಕೊಡುವ ಉದಾಹರಣೆಗಳನ್ನು ಒಮ್ಮೆ ಗಮನಿಸಬೇಕು. ವ್ಯಾಪಾರಿ, ವಿದ್ಯಾರ್ಥಿ, ಯೋಗಿ ಮುಂತಾದ ಪದಗಳ ಜೊತೆಯಲ್ಲೇ ಕುಂಟ, ಕುರುಡ, ಕಿವುಡ, ಮೂಗ ಎಂಬ ಪದಗಳೂ ಯಾವ ಅಳುಕೂ ಇಲ್ಲದೆ ಕುಳಿತಿರುತ್ತವೆ. ಪಾಠ ಮುಗಿದ ಮರುದಿನ ಶಾಲೆಯ ಅಂಗಳದಲ್ಲಿ ಯಾರು ಯಾರಿಗೆ ಯಾವ ಅನ್ವರ್ಥನಾಮ ಸಲ್ಲುತ್ತದೆಂಬ ಪರಿಶೀಲನೆ ನಡೆಯುತ್ತದೆ. ಮಕ್ಕಳು ವ್ಯಾಕರಣವನ್ನು ಅಷ್ಟು ಶ್ರದ್ಧೆಯಿಂದ ಬಳಸುವ ಸಂದರ್ಭ ಮತ್ತೊಂದಿಲ್ಲ.

ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ, 1973ರಲ್ಲಿ, ಎಂಟನೆಯ ತರಗತಿಯ ಹುಡುಗನೊಬ್ಬನಿಗೆ ಹೀಗೆ ಒಂದು ಹೆಸರು ಅಂಟಿಕೊಂಡಿತು. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಅದನ್ನು ಹೊತ್ತ ಆ ಹುಡುಗ, ಈಗ ಕನ್ನಡ ಅಧ್ಯಾಪಕ ವೃತ್ತಿಯಿಂದ ನಿವೃತ್ತರಾಗಿ ಮೈಸೂರಿನಲ್ಲಿ ಮಗನ ಮನೆಯಲ್ಲಿರುವ ಹಿರಿಯರು, ಕಳೆದ ವರ್ಷ ಅದನ್ನು ಕೊಟ್ಟವರಿಗೇ ಹಿಂದಿರುಗಿಸಿ ಒಂದು ಪತ್ರ ಬರೆದರು. ಊರಿನವರಂತೆ ಇಲ್ಲಿಯೂ ಅವರನ್ನು ಮೇಷ್ಟರು ಎಂದೇ ಕರೆಯಬಹುದು.

ಮೇಷ್ಟರಿಗೆ ಬಾಲ್ಯದಿಂದಲೂ ಉಗ್ಗು. ಅವರ ಹೆಸರಿನ ಮೊದಲ ಅಕ್ಷರ ಪಕಾರ. ಪಕಾರವನ್ನು ಉಚ್ಚರಿಸಲು ಎರಡು ತುಟಿಗಳೂ ಕೂಡಬೇಕು, ಅವುಗಳ ಹಿಂದೆ ಉಸಿರು ಒತ್ತಿಕೊಳ್ಳಬೇಕು, ಬಳಿಕ ತುಟಿಗಳು ತಟ್ಟನೆ ಬಿಚ್ಚಬೇಕು. ಉಳಿದವರಿಗೆ ಇದು ಗಮನಕ್ಕೂ ಬಾರದ ಕ್ರಿಯೆ. ಮೇಷ್ಟರಿಗೆ ತುಟಿಗಳು ಕೂಡುತ್ತಿದ್ದವು, ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ಅದೇ ಅಕ್ಷರ ಮೂರು ನಾಲ್ಕು ಬಾರಿ ಹೊರಬಂದು ಮುಂದಿನ ಅಕ್ಷರಕ್ಕೆ ದಾರಿ ಬಿಡುತ್ತಿರಲಿಲ್ಲ. ಉಗ್ಗುವವರಿಗೆ ತಮ್ಮ ಹೆಸರೇ ಎಲ್ಲಕ್ಕಿಂತ ಕಷ್ಟದ ಪದವಾಗುವುದು ಅಪರೂಪವಲ್ಲ. ಬೇರೆ ಪದಗಳಿಗೆ ಪರ್ಯಾಯ ಪದಗಳಿವೆ, ಅಂಕಿತನಾಮಕ್ಕೆ ಪರ್ಯಾಯವಿಲ್ಲ.

ಮೊದಲ ಎರಡು ತಿಂಗಳು ತರಗತಿಯ ಹುಡುಗರು ಅವರನ್ನು ‘ಉಗ್ಗ’ ಎಂದೂ ‘ತೊದಲ’ ಎಂದೂ ಕರೆದರು. ಕನ್ನಡದಲ್ಲಿ ಈ ಎರಡನೆಯ ಪದದ ನಡವಳಿಕೆ ವಿಚಿತ್ರವಾದದ್ದು. ಎರಡು ವರ್ಷದ ಮಗುವಿನ ತೊದಲ್ನುಡಿಯನ್ನು ಕವಿಗಳೂ ತಾಯಂದಿರೂ ಸವಿಯುತ್ತಾರೆ. ಅದೇ ತೊದಲು ಎಂಟನೆಯ ವಯಸ್ಸಿಗೆ ಬಂದರೆ ಬೈಗುಳವಾಗುತ್ತದೆ. ಪದ ಬದಲಾಗಿಲ್ಲ, ಅದನ್ನು ಹೊತ್ತವನ ವಯಸ್ಸು ಮಾತ್ರ ಬದಲಾಗಿದೆ.

ಆ ವರ್ಷದ ಮಳೆಗಾಲದಲ್ಲಿ ಕನ್ನಡ ಪಂಡಿತರು ದ್ವಿರುಕ್ತಿಯ ಪಾಠ ಮಾಡಿದರು. ವಿಶೇಷಾರ್ಥ ತೋರಲೆಂದು ಒಂದು ಪದವನ್ನೋ ವಾಕ್ಯವನ್ನೋ ಎರಡು ಬಾರಿ ಹೇಳುವುದು ದ್ವಿರುಕ್ತಿ. ಬೇಗ ಬೇಗ ಎಂದರೆ ಅವಸರ, ಮನೆಮನೆ ಎಂದರೆ ಪ್ರತಿಯೊಂದು ಮನೆ, ಹೌದು ಹೌದು ಎಂದರೆ ಒಪ್ಪಿಗೆ, ನಡೆ ನಡೆ ಎಂದರೆ ಕೋಪ. ಕೊನೆಯಲ್ಲಿ ಪಂಡಿತರು ಮೊತ್ತಮೊದಲು, ನಟ್ಟನಡುವೆ, ತುತ್ತತುದಿ, ಬಟ್ಟಬಯಲು, ಕಟ್ಟಕಡೆ ಎಂಬ ರೂಪಗಳನ್ನು ಕರಿಹಲಗೆಯ ಮೇಲೆ ಬರೆದರು. ಇವುಗಳಲ್ಲಿ ಪೂರ್ಣ ಪದ ಮರುಕಳಿಸುವುದಿಲ್ಲ. ಮೊದಲ ಅಕ್ಷರ ಒಂದು ಒತ್ತಿನ ಮೇಲೆ ತಡವರಿಸಿ, ಆಮೇಲೆ ಇಡೀ ಪದ ಬರುತ್ತದೆ. ಹಿಂದಿನ ಬೆಂಚಿನಲ್ಲಿದ್ದ ಹುಡುಗನೊಬ್ಬ ಇದನ್ನು ಕಂಡುಹಿಡಿದ. ಎರಡನೆಯ ವರ್ಷವೂ ಎಂಟನೆಯ ತರಗತಿಯಲ್ಲೇ ಕುಳಿತಿದ್ದ, ಎಲ್ಲರಿಗಿಂತ ಎತ್ತರದ ಹುಡುಗ ಅವನು. ಸಂಜೆ ಆಟದ ಬಯಲಿನಲ್ಲಿ ಯಾರೋ ‘ಉಗ್ಗ’ ಎಂದಾಗ ಅವನ ಕೊರಳಪಟ್ಟಿ ಹಿಡಿದು, ‘ಇನ್ನು ಮೇಲೆ ಇವನು ದ್ವಿರುಕ್ತಿ. ಹಾಗೇ ಕರೀಬೇಕು’ ಎಂದು ಘೋಷಿಸಿದ. ಉಳಿದವರು ಒಪ್ಪಿದರು, ಒಪ್ಪದಿದ್ದರೆ ಪೆಟ್ಟು ಬೀಳುತ್ತಿತ್ತು. ಪಂಡಿತರ ಕಿವಿಗೂ ಅದು ಬಿದ್ದು ಅವರೂ ನಕ್ಕರು.

ಈ ಸಂಗತಿಯನ್ನು ಬಿಟ್ಟರೆ ಪತ್ರ ಅರ್ಥವಾಗುವುದಿಲ್ಲ. ‘ದ್ವಿರುಕ್ತಿ’ ಎಂಬುದು ಹೀಯಾಳಿಕೆಯಾಗಿ ಬಂದದ್ದಲ್ಲ, ಹೀಯಾಳಿಕೆಯ ಎದುರು ಹಿಡಿದ ಕೊಡೆಯಾಗಿ ಬಂದದ್ದು. ಹೆಸರಿಟ್ಟ ಹುಡುಗನಿಗೆ ಮೇಷ್ಟರೂ ಒಂದು ಹೆಸರಿಟ್ಟರು: ‘ಅವ್ಯಯ’. ಲಿಂಗ, ವಚನ, ವಿಭಕ್ತಿ ಯಾವುದರಿಂದಲೂ ಮಾರ್ಪಡದೆ ಇದ್ದಲ್ಲೇ ಇರುವುದು ಅವ್ಯಯ. ಎರಡು ವರ್ಷ ಒಂದೇ ತರಗತಿಯಲ್ಲಿ ಉಳಿದವನಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಅಲ್ಲಿಂದ ಈ ಇಬ್ಬರೂ ಅವ್ಯಯ-ದ್ವಿರುಕ್ತಿಗಳಾಗಿ ಜೊತೆಗೆ ಬೆಳೆದರು.

ಅವ್ಯಯ ಮಾಡಿದ ಇನ್ನೊಂದು ಉಪಕಾರವೂ ಇದೆ. ಕುಮಾರವ್ಯಾಸ ಭಾರತದ ಪದ್ಯಗಳನ್ನು ರಾಗವಾಗಿ ಓದುವಾಗ ತನ್ನ ಗೆಳೆಯ ಒಂದೂ ಕಡೆ ತಡೆಯುವುದಿಲ್ಲ ಎಂಬುದನ್ನು ಮೊದಲು ಗಮನಿಸಿದವನು ಅವನೇ. ಹಾಡುವಾಗ, ಹಲವರ ದನಿಯೊಡನೆ ದನಿಗೂಡಿಸಿ ಓದುವಾಗ ಉಗ್ಗು ಬಹುಮಟ್ಟಿಗೆ ಕಾಣದಾಗುವುದು ಇಂದು ಎಲ್ಲರೂ ಒಪ್ಪುವ ಸಂಗತಿ. ಭಾಮಿನಿಯ ಮೂರು ನಾಲ್ಕು ಮಾತ್ರೆಗಳ ನಡೆ ಮುಂದಿನ ಅಕ್ಷರ ಯಾವಾಗ ಬರಬೇಕೆಂಬುದನ್ನು ಹೊರಗಿನಿಂದಲೇ ನಿಗದಿಪಡಿಸಿಬಿಡುತ್ತದೆ. ಹತ್ತನೆಯ ತರಗತಿಯ ಶಾಲಾ ವಾರ್ಷಿಕೋತ್ಸವದಲ್ಲಿ ಅವ್ಯಯ ಅವರನ್ನು ವೇದಿಕೆಗೆ ದೂಡಿದ. ಇಪ್ಪತ್ತು ಪದ್ಯಗಳ ವಾಚನ ನಿರರ್ಗಳವಾಗಿ ನಡೆಯಿತು. ಮುಖ್ಯೋಪಾಧ್ಯಾಯರು ಮೆಚ್ಚಿ ‘ನಿನ್ನ ಹೆಸರೇನಪ್ಪ?’ ಎಂದು ಕೇಳಿದಾಗ ಮಾತ್ರ ತುಟಿಗಳು ಕೂಡಿಕೊಂಡವು.

ಮೇಷ್ಟರು ಕನ್ನಡ ಎಂ.ಎ. ಮಾಡಿದ್ದರ ಹಿಂದೆ ಉಗ್ಗಿನ ಪಾತ್ರವೂ ಇದೆ. ಬಾಯಿಗೆ ಬಾರದ ಪದವೊಂದು ಮೂರು ಪದ ಮುಂದಿರುವಾಗಲೇ ಉಗ್ಗುವವನಿಗೆ ಅದರ ಸುಳಿವು ಸಿಗುತ್ತದೆ. ಅಷ್ಟರೊಳಗೆ ಅದಕ್ಕೆ ಬದಲು ಪದವನ್ನು ಹುಡುಕಿಕೊಳ್ಳಬೇಕು. ‘ಪುಸ್ತಕ’ ಬಾರದಿದ್ದರೆ ‘ಹೊತ್ತಗೆ’, ‘ಪಕ್ಷಿ’ ಬಾರದಿದ್ದರೆ ‘ಹಕ್ಕಿ’, ‘ಪಾದ’ ಬಾರದಿದ್ದರೆ ‘ಅಡಿ’. ಹಳೆಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದ ಧ್ವನಿವ್ಯತ್ಯಾಸವನ್ನು ತಮ್ಮಷ್ಟು ಕೃತಜ್ಞತೆಯಿಂದ ಓದಿದ ವಿದ್ಯಾರ್ಥಿ ಇನ್ನೊಬ್ಬನಿರಲಾರನೆಂದು ಮೇಷ್ಟರು ಹೇಳುವುದುಂಟು. ನಿಘಂಟುಗಳನ್ನು ಅವರು ವಿದ್ವತ್ತಿಗಾಗಿ ಓದಲು ಆರಂಭಿಸಿದವರಲ್ಲ, ತಪ್ಪಿಸಿಕೊಳ್ಳಲು.

ತಪ್ಪಿಸಿಕೊಳ್ಳುವುದಕ್ಕೆ ಬೆಲೆಯೂ ಇತ್ತು. ಅವ್ಯಯ ಕಾಲೇಜಿಗೆ ಹೋಗದೆ ತಿಪಟೂರಿನಲ್ಲಿ ಮಾವನ ಕೊಬ್ಬರಿ ಮಂಡಿ ಸೇರಿದ. ಅರಸೀಕೆರೆಯಲ್ಲಿ ಮೊದಲ ನೌಕರಿ ಹಿಡಿದ ಮೇಷ್ಟರು ಅವನನ್ನು ಕಾಣಲು ಶನಿವಾರ ಬಸ್ಸು ಹತ್ತುತ್ತಿದ್ದರು. ನಿರ್ವಾಹಕರು ಎದುರು ನಿಂತು ‘ಎಲ್ಲಿಗೆ?’ ಎಂದಾಗ ತಕಾರ ಬರುತ್ತಿರಲಿಲ್ಲ. ಹಿಂದಿನವರು ಕಾಯುತ್ತಿದ್ದಾರೆ, ಎಲ್ಲರ ಕಣ್ಣು ತಮ್ಮ ಮೇಲಿದೆ ಎಂಬುದು ತಿಳಿದೊಡನೆ ನಾಲಗೆ ಇನ್ನಷ್ಟು ಬಿಗಿಯಾಗುತ್ತಿತ್ತು. ಆಗ ಅವರು ‘ನಿಟ್ಟೂರು’ ಎಂದು ಹೇಳಿಬಿಡುತ್ತಿದ್ದರು. ನಿಟ್ಟೂರು ತಿಪಟೂರಿನಿಂದ ಮುಂದೆ, ತುಮಕೂರಿನ ದಾರಿಯಲ್ಲಿದೆ. ಅಲ್ಲಿಯವರೆಗೆ ಹಣ ತೆತ್ತು ತಿಪಟೂರಿನಲ್ಲಿ ಇಳಿಯುತ್ತಿದ್ದರು. ಎಷ್ಟೋ ವರ್ಷ ಹೀಗೆ ನಡೆಯಿತು. ಗೆಳೆಯನ ಊರಿನ ಹೆಸರನ್ನು ಹೇಳಲಾರದೆ ಅವನ ಊರಿಗೆ ಹೋಗುತ್ತಿದ್ದೆ ಎಂಬ ಸಂಗತಿ ಆ ಗೆಳೆಯನಿಗೆ ಗೊತ್ತಾದದ್ದು ಕಳೆದ ವರ್ಷದ ಪತ್ರದಿಂದ.

ಹೊರಗಿನವರು ಉಗ್ಗನ್ನು ಎಣಿಸುವುದು ಕೇಳಿಸಿದ ಅಕ್ಷರಗಳಿಂದ. ಮೇಷ್ಟರಿಗಾದರೋ ಕೇಳಿಸದೆ ಉಳಿದದ್ದೇ ಹೆಚ್ಚಿನ ಉಗ್ಗು: ನಿಟ್ಟೂರಿನ ಚೀಟಿ, ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಎತ್ತದ ಕೈ, ಎತ್ತಿಕೊಳ್ಳದ ದೂರವಾಣಿ.

ಇಷ್ಟಾದರೂ ಆ ಅಡ್ಡಹೆಸರಿನ ಬಗ್ಗೆ ಅವರು ಒಮ್ಮೆಯೂ ಆಕ್ಷೇಪಿಸಲಿಲ್ಲ. ಗೆಳೆಯನಿಗೆ ಬರೆದ ಕಾಗದಗಳ ಕೊನೆಯಲ್ಲಿ ‘ಇಂತಿ ನಿನ್ನ ದ್ವಿರುಕ್ತಿ’ ಎಂದೇ ಸಹಿ ಮಾಡುತ್ತಿದ್ದರು. ದ್ವಿರುಕ್ತಿಯ ಪಾಠವನ್ನು ಮಾತ್ರ ಪ್ರತಿವರ್ಷ ಅವಸರದಲ್ಲಿ ಮುಗಿಸುತ್ತಿದ್ದರೆಂದು ಅವರ ವಿದ್ಯಾರ್ಥಿಗಳಿಗೆ ನೆನಪಿದೆ.

ಕಳೆದ ವರ್ಷ ಮಗನ ಹೊಸ ಮನೆಯ ಗೃಹಪ್ರವೇಶಕ್ಕೆ ತಿಪಟೂರಿನ ಗೆಳೆಯರು ಸಪತ್ನೀಕರಾಗಿ ಬಂದರು. ಚಪ್ಪರದ ಆಚೆ ತುದಿಯಿಂದಲೇ ‘ಏ ದ್ವಿರುಕ್ತೀ!’ ಎಂದು ಕೂಗಿದರು. ಎಂದಿನಂತೆ ಮೇಷ್ಟರು ನಕ್ಕು ‘ಬಾರೋ ಅವ್ಯಯ’ ಎಂದರು. ಅಷ್ಟರಲ್ಲಿ ಮೇಷ್ಟರ ಮೊಮ್ಮಗ, ನಾಲ್ಕೂವರೆ ವರ್ಷದ ಹುಡುಗ, ಕೈಯಲ್ಲಿ ಬಾಳೆಹಣ್ಣು ಹಿಡಿದು ಓಡಿಬಂದು ‘ತಾ ತಾ ತಾ ತಾತ’ ಎಂದ. ತಾತ, ಅಪ್ಪ, ಅಮ್ಮ, ಅಜ್ಜ: ಮಕ್ಕಳ ಬಾಯಿಗೆಂದು ಭಾಷೆ ಕಟ್ಟಿಕೊಟ್ಟ ಪದಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಇಮ್ಮಡಿಸಿದವುಗಳೇ. ಆದ್ದರಿಂದ ಕೇಳಿದವರಿಗೆ ಅದು ಆಟದಂತೆ ತೋರಿರಬಹುದು. ಮನೆಯವರಿಗೆ ಮಾತ್ರ ಗೊತ್ತಿತ್ತು, ಏಳೆಂಟು ತಿಂಗಳಿಂದ ಹುಡುಗ ಹೀಗೆ ಮಾತಾಡುತ್ತಿದ್ದ. ಗೆಳೆಯರು ಜೋರಾಗಿ ನಕ್ಕು, ‘ಓಹೋ, ಮರಿ ದ್ವಿರುಕ್ತಿ ಬಂದ!’ ಎಂದರು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಹುಡುಗನೂ ನಕ್ಕ.

ಮೂರು ದಿನಗಳ ಬಳಿಕ ಅವನು ತಾಯಿಯನ್ನು ಕೇಳಿದ: ‘ಅಮ್ಮ, ದ್ವಿರುಕ್ತಿ ಅಂದ್ರೇನು?’ ಆ ವಾಕ್ಯದಲ್ಲಿ ಅವನು ಎಲ್ಲಿಯೂ ತಡೆಯಲಿಲ್ಲ. ಆದರೆ ಆ ವಾರದಿಂದ ಅವನು ‘ತಾತ’ ಎಂದು ಕರೆಯುವುದನ್ನು ನಿಲ್ಲಿಸಿದ. ಬೇಕಾದಾಗ ಬಂದು ಮೇಷ್ಟರ ಕಿರುಬೆರಳು ಹಿಡಿದು ಎಳೆಯುತ್ತಿದ್ದ. ಮನೆಯವರು ಇದನ್ನು ಮುದ್ದು ಎಂದುಕೊಂಡರು. ಮೇಷ್ಟರು ಹಾಗೆಂದುಕೊಳ್ಳಲಿಲ್ಲ. ನಿಟ್ಟೂರಿನ ಚೀಟಿಯನ್ನು ಅವರು ಗುರುತಿಸಿದರು.

ಉಗ್ಗು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಎರಡರಿಂದ ಐದು ವರ್ಷಗಳ ನಡುವೆ, ಮಗು ಉದ್ದನೆಯ ವಾಕ್ಯಗಳನ್ನು ಕಟ್ಟತೊಡಗುವ ಕಾಲದಲ್ಲಿ. ಹಾಗೆ ಆರಂಭಿಸಿದ ಮಕ್ಕಳಲ್ಲಿ ಬಹುಪಾಲಿನವರಿಗೆ ಅದು ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಉಳಿಯುತ್ತದೆ, ಕುಟುಂಬದಲ್ಲಿ ಬೆಳೆದ ಮೇಲೂ ಉಗ್ಗುವವರಿದ್ದರೆ, ಮಗು ಗಂಡಾಗಿದ್ದರೆ ಉಳಿಯುವ ಸಂಭವ ಹೆಚ್ಚು. ಯಾವ ಮಗುವಿನಲ್ಲಿ ಉಳಿಯುತ್ತದೆಂದು ಮೊದಲೇ ಖಚಿತವಾಗಿ ಹೇಳಲಾಗದು. ಆದರೆ ಕೆಲವು ಗುರುತುಗಳಿವೆ. ಅಕ್ಷರ ಹಗುರವಾಗಿ ಮರುಕಳಿಸುವ ಹಂತದಿಂದ ಅದನ್ನು ಎಳೆಯುವ, ದನಿ ಮೇಲೇರುವ, ಕಣ್ಣು ಮಿಟುಕುವ, ಬಾಯಿ ತೆರೆದರೂ ಸದ್ದು ಹೊರಡದ ಹಂತಕ್ಕೆ ಬಂದರೆ ಮಗು ಪ್ರಯಾಸಪಡುತ್ತಿದೆ ಎಂದರ್ಥ. ಪದವನ್ನೇ ಬಿಟ್ಟುಬಿಡತೊಡಗಿದರೆ ಅದಕ್ಕೆ ತನ್ನ ಮಾತಿನ ಬಗ್ಗೆ ಏನೋ ತಿಳಿದಿದೆ ಎಂದರ್ಥ.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಮೇಷ್ಟರ ಬಾಲ್ಯಕ್ಕೂ ಅದು ಇತ್ತು. ಹಾಸನದ ಹಳ್ಳಿಗೆ ಅದರ ಸುದ್ದಿ ತಲುಪಿರಲಿಲ್ಲವಷ್ಟೆ. ಅವರ ಅಜ್ಜಿ ಬಜೆಯ ಬೇರನ್ನು ತೇಯ್ದು ಜೇನಿನೊಡನೆ ನಾಲಗೆಗೆ ಹಚ್ಚುತ್ತಿದ್ದರು, ಸೋದರಮಾವ ಬಾಯಲ್ಲಿ ಬೆಣಚುಕಲ್ಲು ಇರಿಸಿ ಓದಿಸುತ್ತಿದ್ದರು. ಎರಡರಿಂದಲೂ ಏನೂ ಆಗಲಿಲ್ಲ. ಮೊಮ್ಮಗನನ್ನು ಕರೆದುಕೊಂಡು ಹೋದಾಗ ವಾಕ್ ಚಿಕಿತ್ಸಕಿ ಹೆಚ್ಚಾಗಿ ಹೇಳಿದ್ದು ಮನೆಯವರು ಏನು ಮಾಡಬೇಕೆಂಬುದನ್ನು. ತಾವು ನಿಧಾನವಾಗಿ ಮಾತನಾಡಬೇಕು, ಮಗುವಿಗೆ ‘ನಿಧಾನವಾಗಿ ಹೇಳು’ ಎಂದು ಹೇಳಬಾರದು. ಅದು ತಡೆದಾಗ ಕಣ್ಣು ತಪ್ಪಿಸಬಾರದು. ಅದರ ಪದವನ್ನು ತಾವು ಪೂರ್ತಿಮಾಡಬಾರದು. ಎಷ್ಟು ಹೊತ್ತಾದರೂ ಕಾಯಬೇಕು. ಮಗುವೇ ಕೇಳಿದರೆ ಮುಚ್ಚಿಡದೆ, ಕೆಲವೊಮ್ಮೆ ಮಾತು ಸಿಕ್ಕಿಕೊಳ್ಳುತ್ತದೆ, ಪರವಾಗಿಲ್ಲ ಎಂದು ಹೇಳಬೇಕು. ಅಣಕವನ್ನು ನಿಲ್ಲಿಸಬೇಕು, ಅದು ಪ್ರೀತಿಯಿಂದ ಬಂದದ್ದಾದರೂ. ಕೊನೆಯ ಮಾತಿನ ಹೊತ್ತಿಗೆ ಸೊಸೆ ಮಾವನ ಮುಖ ನೋಡಿದರಂತೆ.

ಅಂದು ರಾತ್ರಿ ಮೇಷ್ಟರು ಪತ್ರ ಬರೆಯಲು ಕುಳಿತರು. ದೂರವಾಣಿಯಲ್ಲಿ ಹೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಉಗ್ಗುವವರಿಗೆ ದೂರವಾಣಿಯಷ್ಟು ಕ್ರೂರವಾದ ಯಂತ್ರ ಬೇರಿಲ್ಲ. ಅಲ್ಲಿ ಮುಖವಿಲ್ಲ, ಕೈಸನ್ನೆಯಿಲ್ಲ, ಮೌನವಾದರೆ ಅತ್ತಲಿನವರು ‘ಹಲೋ, ಹಲೋ’ ಎಂದು ಇಟ್ಟುಬಿಡುತ್ತಾರೆ. ಪಕಾರದಲ್ಲಿ ಆರಂಭವಾಗುವ ಹೆಸರಿಗಾಗಿ ವಾದಿಸುವುದು ಬರವಣಿಗೆಯಲ್ಲೇ ಆಗಬೇಕಿತ್ತು.

ಮೊದಲ ಕರಡಿನಲ್ಲಿ ಅವರು ದೂರಿದ್ದರು. ಐವತ್ತು ವರ್ಷಗಳ ಮುನಿಸೆಲ್ಲ ಒಮ್ಮೆಲೇ ಬಂದಿತ್ತು. ಬೆಳಿಗ್ಗೆ ಓದಿದಾಗ ಅದು ಸುಳ್ಳೆನಿಸಿತು, ಹರಿದರು. ಅಷ್ಟು ಮುನಿಸು ನಿಜವಾಗಿ ಇದ್ದಿದ್ದರೆ ಅವರು ತಿಪಟೂರಿನ ಬಸ್ಸು ಹತ್ತುತ್ತಿರಲಿಲ್ಲ. ಎರಡನೆಯ ಕರಡು ಶುದ್ಧ ವ್ಯಾಕರಣವಾಗಿತ್ತು. ದ್ವಿರುಕ್ತಿಯಲ್ಲಿ ಆಡುವವನು ಬೇಕೆಂದೇ ಮರುನುಡಿಯುತ್ತಾನೆ, ಮರುನುಡಿದುದಕ್ಕೆ ಹೊಸ ಅರ್ಥ ಬರುತ್ತದೆ; ಉಗ್ಗಿನಲ್ಲಿ ಇಚ್ಛೆಯೂ ಇಲ್ಲ, ಅರ್ಥವೂ ಸೇರುವುದಿಲ್ಲ; ಆದ್ದರಿಂದ ಆ ಹೆಸರು ಅನ್ವರ್ಥವೇ ಅಲ್ಲ ಎಂದು ಮೂರು ಪುಟ ವಾದಿಸಿದ್ದರು. ವಾದ ಸರಿಯಾಗಿತ್ತು. ಆದರೆ ಕೊಬ್ಬರಿ ಮಂಡಿಯ ಗಲ್ಲಾದ ಹಿಂದೆ ಕುಳಿತು ಅದನ್ನು ಓದುವವರು ‘ಬೇರೆ ಹೆಸರಿಡೋಣ ಬಿಡು’ ಎಂದು ನಗುತ್ತಿದ್ದರು, ಅಷ್ಟೆ. ತಪ್ಪಿಸಿಕೊಳ್ಳಲು ನಿಘಂಟನ್ನು ಬಳಸಿದ ಹಳೆಯ ಅಭ್ಯಾಸವೇ ಇಲ್ಲಿಯೂ ಕೆಲಸ ಮಾಡಿದೆ ಎಂದು ಮೇಷ್ಟರಿಗೇ ಅನ್ನಿಸಿತು.

ಮೂರನೆಯದು ಎರಡು ಪುಟದ್ದು. ಕಳುಹಿಸಿದ್ದು ಅದನ್ನೇ. ಉಭಯ ಕುಶಲೋಪರಿಯ ಬಳಿಕ ಅದು ಹೀಗೆ ಸಾಗುತ್ತದೆ:

‘ನೀನು ನನಗೆ ಆ ಹೆಸರಿಟ್ಟ ಸಂಜೆ ನನಗೆ ಎಷ್ಟು ಸಮಾಧಾನವಾಯಿತೆಂದು ನಿನಗೆ ಗೊತ್ತಿಲ್ಲ. ಅದಕ್ಕೆ ಮೊದಲು ಶಾಲೆಗೆ ಹೋಗುವುದಿಲ್ಲವೆಂದು ಅಮ್ಮನ ಹತ್ತಿರ ಅಳುತ್ತಿದ್ದೆ. ಉಗ್ಗ ಎಂದರೆ ನನ್ನೊಳಗೆ ಏನೋ ಕೆಟ್ಟಿದೆ ಎಂದಾಗುತ್ತಿತ್ತು, ದ್ವಿರುಕ್ತಿ ಎಂದರೆ ಪುಸ್ತಕದಲ್ಲಿ ಜಾಗವಿದೆ ಎಂದಾಯಿತು. ಆ ಋಣವನ್ನು ನಾನು ಮರೆತಿಲ್ಲ. ನಿನ್ನಿಂದ ನನಗೆ ಉಗ್ಗು ಬರಲಿಲ್ಲ, ನೀನು ಕರೆದದ್ದರಿಂದ ಅದು ಹೆಚ್ಚಾಗಲೂ ಇಲ್ಲ. ಅದು ನನ್ನ ಜೊತೆಯಲ್ಲೇ ಬಂದದ್ದು, ನಮ್ಮ ತಂದೆಯ ಚಿಕ್ಕಪ್ಪನಿಗೂ ಇತ್ತಂತೆ.

‘ಆದರೆ ಮೊನ್ನೆ ನೀನು ಆ ಹೆಸರನ್ನು ನಮ್ಮ ಹುಡುಗನಿಗೆ ಕೊಟ್ಟೆ. ನಿನಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಅವನು ಈಗ ನನ್ನನ್ನು ತಾತ ಎಂದು ಕರೆಯುತ್ತಿಲ್ಲ. ಬೆರಳು ಹಿಡಿದು ಎಳೆಯುತ್ತಾನೆ. ನನಗೆ ಹನ್ನೆರಡು ವರ್ಷವಾದ ಮೇಲೆ ನಾನು ಕಲಿತ ವಿದ್ಯೆಯನ್ನು ಅವನು ನಾಲ್ಕೂವರೆಗೇ ಕಲಿತಿದ್ದಾನೆ. ನನಗೆ ಆ ಹೆಸರು ಸಿಕ್ಕಿದಾಗ ಅದಕ್ಕಿಂತ ಕೆಟ್ಟ ಹೆಸರು ಬೆನ್ನ ಹಿಂದಿತ್ತು, ಆದ್ದರಿಂದ ಅದು ನೆರಳಾಯಿತು. ಅವನ ಹಿಂದೆ ಏನೂ ಇಲ್ಲ. ಅವನು ಕೇಳಿದ ಮೊದಲ ಹೆಸರೇ ಇದು.

‘ಅವನಿಗೆ ಇದು ಹೋಗಲೂಬಹುದು. ಹೋಗದೆ ಇದ್ದರೆ ನನ್ನ ಹಾಗೆ ಉಗ್ಗುತ್ತಲೇ ಬಾಳುತ್ತಾನೆ, ಅದಕ್ಕೆ ನನಗೆ ಹೆದರಿಕೆಯಿಲ್ಲ. ಅವನು ಮಾತನ್ನು ನುಂಗಿಕೊಳ್ಳಬಾರದು, ಅಷ್ಟೇ ನನಗೆ ಬೇಕಾದದ್ದು. ಅವನ ಎದುರಿಗೆ ಮಾತ್ರ ಕರೆಯಬೇಡ ಎಂದು ಬರೆಯೋಣವೆಂದು ಮೊದಲು ಯೋಚಿಸಿದೆ. ಅದು ಸಾಲದು. ಐವತ್ತು ವರ್ಷದ ಅಭ್ಯಾಸ ಎದುರಿನಲ್ಲಿ ಯಾರಿದ್ದಾರೆಂದು ನೋಡಿ ಬಾಯಿಂದ ಹೊರಡುವುದಿಲ್ಲ. ನಮ್ಮಿಬ್ಬರೊಳಗೂ ಅದು ನಿಲ್ಲಬೇಕು. ನಾನೂ ಸಹಿಯಲ್ಲಿ ಬರೆಯುವುದಿಲ್ಲ. ನೀನು ಬೇಡವೆಂದರೆ ಅವ್ಯಯ ಎನ್ನುವುದನ್ನೂ ಬಿಡುತ್ತೇನೆ. ನನ್ನ ಹೆಸರು ಹಿಡಿದು ಕರೆ. ನೀನು ಆ ಹೆಸರನ್ನು ಸರಿಯಾಗಿ ಹೇಳಿದ್ದನ್ನು ನಾನು ಕೇಳಿಯೇ ಇಲ್ಲ.’

ಕೊನೆಯಲ್ಲಿ ‘ಇಂತಿ ನಿನ್ನ’ ಎಂದು ಬರೆದು ಪೂರ್ಣ ಹೆಸರನ್ನು ಬರೆದರು. ಆ ಗೆಳೆಯರಿಗೆ ಬರೆದ ಕಾಗದದಲ್ಲಿ ಅವರು ಹಾಗೆ ಸಹಿ ಮಾಡಿದ್ದು ಅದೇ ಮೊದಲು. ಕೆಳಗೆ ಒಂದು ವಿಷಯ ಸೇರಿಸಿದರು: ನಿಟ್ಟೂರಿನ ಚೀಟಿಯ ಕಥೆ. ಅದನ್ನೇಕೆ ಸೇರಿಸಿದಿರಿ ಎಂದು ಮಗ ಕೇಳಿದಾಗ, ಸಾಲದ ಲೆಕ್ಕ ಎರಡೂ ಕಡೆ ಇರಬೇಕಲ್ಲ ಎಂದರಂತೆ.

ಈ ಪತ್ರದಲ್ಲಿ ಒಂದು ಅಂಶ ಚರ್ಚೆಗೆ ಅರ್ಹವಾಗಿದೆ. ದ್ವಿರುಕ್ತಿ ಮತ್ತು ಅವ್ಯಯ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಎರಡನ್ನೂ ಕೈಬಿಡಲು ಮೇಷ್ಟರು ಸಿದ್ಧರಾದದ್ದು ನ್ಯಾಯವೆಂದು ತೋರಿದರೂ ನಿಖರವಲ್ಲ. ಒಂದೇ ತರಗತಿಯಲ್ಲಿ ಎರಡು ವರ್ಷ ಉಳಿದದ್ದು ಒಮ್ಮೆ ನಡೆದು ಮುಗಿದ ಸಂಗತಿ. ಅದನ್ನು ಹೇಳಿ ನಗುವ ಹಕ್ಕು ಹೆಸರು ಹೊತ್ತವರಿಗೂ ಇದೆ, ನಕ್ಕ ಮೇಲೆ ಅದು ಅಲ್ಲಿಗೇ ನಿಲ್ಲುತ್ತದೆ. ಉಗ್ಗು ಪ್ರತಿ ವಾಕ್ಯದ ಆರಂಭದಲ್ಲೂ ಹೊಸದಾಗಿ ನಡೆಯುವಂಥದು. ಅದರ ಹೆಸರಿನಿಂದ ಕರೆದಾಗ, ಓಗೊಡುವ ಮಾತೇ ಆ ಹೆಸರಿಗೆ ಸಾಕ್ಷಿಯಾಗಿಬಿಡುತ್ತದೆ. ಶಾಲಾಪುಸ್ತಕದ ಅನ್ವರ್ಥನಾಮದ ಪಟ್ಟಿಯಲ್ಲಿ ವ್ಯಾಪಾರಿಯ ಪಕ್ಕದಲ್ಲಿ ಕುರುಡನನ್ನು ಕೂರಿಸುವವರಿಗೆ ಈ ವ್ಯತ್ಯಾಸ ಹೊಳೆದಂತಿಲ್ಲ. ವ್ಯಾಪಾರಿ ಅಂಗಡಿ ಮುಚ್ಚಿ ಮನೆಗೆ ಹೋಗುತ್ತಾನೆ.

ಪತ್ರ ಕಳುಹಿಸಿದ ಮೇಲೆ ಎರಡು ವಾರ ಉತ್ತರವಿರಲಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಸಣ್ಣಪುಟ್ಟ ಬದಲಾವಣೆಗಳಾದವು. ಸಂಜೆ ಹದಿನೈದು ನಿಮಿಷ, ದೂರದರ್ಶನ ಆರಿಸಿ, ಮೇಷ್ಟರು ಮತ್ತು ಮೊಮ್ಮಗ ಚಿತ್ರಗಳ ಪುಸ್ತಕ ಹಿಡಿದು ಕೂರುತ್ತಿದ್ದರು. ಮೇಷ್ಟರು ತಮ್ಮ ಉಗ್ಗನ್ನು ಅವನ ಎದುರು ಅಡಗಿಸುವುದನ್ನು ಬಿಟ್ಟರು. ‘ಪುಸ್ತಕ’ಕ್ಕೆ ಬದಲು ‘ಹೊತ್ತಗೆ’ ಎನ್ನದೆ, ಸಿಕ್ಕಿಕೊಂಡರೂ ‘ಪುಸ್ತಕ’ ಎಂದೇ ಹೇಳತೊಡಗಿದರು. ಅರವತ್ತೈದರ ವಯಸ್ಸಿನಲ್ಲಿ ಅದು ಸುಲಭವಾಗಿರಲಿಲ್ಲ. ಒಂದು ದಿನ ಹುಡುಗ ಅವರ ಮುಖವನ್ನೇ ನೋಡುತ್ತಿದ್ದು, ‘ನಿಂಗೂ ಸಿಕ್ಕೊಳ್ಳುತ್ತಾ?’ ಎಂದು ಕೇಳಿದ. ‘ಹೂಂ, ಸಿಕ್ಕೊಳ್ಳುತ್ತೆ’ ಎಂದರು. ಅವನು ಮುಂದಿನ ಪುಟ ತಿರುಗಿಸಿದ. ಹುಡುಗನ ಮಾತು ಈಗಲೂ ಒಂದು ವಾರ ಸರಾಗ, ಒಂದು ವಾರ ತಡೆತಡೆದು. ಆ ವಯಸ್ಸಿನಲ್ಲಿ ಹಾಗೆ ಏರಿಳಿಯುವುದೇ ಸಾಮಾನ್ಯ. ‘ತಾತ’ ಮಾತ್ರ ಮರಳಿ ಬಂದಿದೆ, ಕೆಲವೊಮ್ಮೆ ನಾಲ್ಕು ತಾಕಾರಗಳೊಡನೆ.

ಎರಡು ವಾರದ ಬಳಿಕ ಒಂದು ಕೊಬ್ಬರಿ ಮೂಟೆಯೂ ಅದರೊಳಗೆ ನಾಲ್ಕು ಸಾಲಿನ ಚೀಟಿಯೂ ಬಂದವು. ಮಂಡಿಯ ಬಿಲ್ಲಿನ ಹಿಂಬದಿಯಲ್ಲಿ ಬರೆದದ್ದು. ನಿಟ್ಟೂರಿನ ವಿಷಯ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ ಎಂದಿತ್ತು. ಅವ್ಯಯ ಎಂಬುದನ್ನು ಬಿಡಬೇಡ, ಅದು ನಾನು ದುಡಿದು ಸಂಪಾದಿಸಿದ್ದು, ಎಂದಿತ್ತು. ಭಾನುವಾರ ಫೋನು ಮಾಡುತ್ತೇನೆ, ಎತ್ತಿಕೋ ಎಂದಿತ್ತು.

ಭಾನುವಾರ ಫೋನು ಬಂತು. ಮೇಷ್ಟರು ಎತ್ತಿಕೊಂಡರು. ಅತ್ತಲಿಂದ ‘ಏನೋ’ ಎಂದು ಕೇಳಿಸಿತು, ಆಮೇಲೆ ಏನೂ ಇಲ್ಲ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬಳಸದ ಹೆಸರು ಗೆಳೆಯರ ಬಾಯಿಗೆ ಬರುತ್ತಿರಲಿಲ್ಲ. ಹಳೆಯದು ನಾಲಗೆಯ ತುದಿಗೆ ಬಂದಿರಬೇಕು, ಅದನ್ನು ತಡೆದು ನಿಂತಿದ್ದರು. ಅವರ ಉಸಿರು ಮಾತ್ರ ಕೇಳುತ್ತಿತ್ತು. ಮೇಷ್ಟರು ‘ಹಲೋ’ ಎನ್ನಲಿಲ್ಲ, ತಮ್ಮ ಹೆಸರನ್ನು ತಾವೇ ಹೇಳಿಕೊಡಲೂ ಇಲ್ಲ. ಫೋನನ್ನು ಕಿವಿಗೆ ಹಿಡಿದು ಕಾಯುತ್ತ ಕುಳಿತರು.